ಮೂರು ವೃತ್ತದ ಚಿತ್ರದಲ್ಲಿ A∩C ಎಣಿಸುವುದು ಹೇಗೆ?

ಪ್ರಶ್ನೆ: ಪುಸ್ತಕದ ವೆನ್ ಚಿತ್ರದ ಫೋಟೋ ಹಾಕಿದ್ದೀನಿ. ವಿಶ್ವಗಣ 1 ರಿಂದ 20. A ಅಂದ್ರೆ ಸಮಸಂಖ್ಯೆಗಳು, B ಅಂದ್ರೆ 3 ರಿಂದ ಭಾಗವಾಗುವವು, C ಅಂದ್ರೆ 24 ಅನ್ನು ಭಾಗಿಸುವವು. n(A∩C) ನನಗೆ 3 ಬರುತ್ತೆ, ಪುಸ್ತಕದಲ್ಲಿ 5 ಇದೆ. ಎಲ್ಲಾ ಕೂಡಿಸಿದ್ರೂ 19 ಆಗುತ್ತೆ. ಎಲ್ಲಿ ತಪ್ಪಿದೆ?

ಉತ್ತರ:

ಪುಸ್ತಕದ 5 ಸರಿ. ನೀವು ಎಣಿಸಿದ ಮೂರು 2, 4, 8 ಅಲ್ವಾ? ಅವು A ಮತ್ತು C ಎರಡರಲ್ಲೂ ಇದ್ದು B ಯಲ್ಲಿ ಇಲ್ಲದವು. ಆದರೆ A∩C ಅಂದಾಗ B ಬಗ್ಗೆ ಯಾರೂ ಕೇಳುತ್ತಿಲ್ಲ. B ಒಳಗೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹಾಗಾಗಿ ಮೂರೂ ವೃತ್ತ ಸೇರುವ ನಡುವಿನ ಭಾಗದ 6 ಮತ್ತು 12 ಕೂಡ ಇದರಲ್ಲಿ ಬರುತ್ತವೆ. 2, 4, 8, 6, 12, ಒಟ್ಟು ಐದು. ಪ್ರಶ್ನೆಯಲ್ಲಿ 'A ಮತ್ತು C ಯಲ್ಲಿ ಮಾತ್ರ' ಎಂದು ಇದ್ದಿದ್ದರೆ ನಿಮ್ಮ 3 ಸರಿಯಾಗುತ್ತಿತ್ತು.

ನಾನು ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ಭಾಗದಿಂದ ಶುರು ಮಾಡಿಸುವುದಿಲ್ಲ, ಸಂಖ್ಯೆಯಿಂದ ಶುರು ಮಾಡಿಸುತ್ತೇನೆ. ಒಂದು ಸಂಖ್ಯೆಯ ಮೇಲೆ ಬೆರಳಿಟ್ಟು ಮೂರೇ ಪ್ರಶ್ನೆ ಕೇಳಿ: A ಒಳಗಿದೆಯಾ, B ಒಳಗಿದೆಯಾ, C ಒಳಗಿದೆಯಾ? ಒಂದೊಂದಕ್ಕೂ ಹೌದು ಅಥವಾ ಇಲ್ಲ. ಹೀಗೆ ಎಂಟು ಬಗೆಯ ಉತ್ತರ ಸಾಧ್ಯ. ಚಿತ್ರದಲ್ಲೂ ಎಂಟೇ ಭಾಗಗಳಿವೆ: ವೃತ್ತಗಳ ಒಳಗೆ ಏಳು, ಹೊರಗೆ ಒಂದು. ಆ ಹೊರಗಿನ ಭಾಗವನ್ನೇ ಜಾಸ್ತಿ ಜನ ಮರೆಯುತ್ತಾರೆ.

ನಿಮ್ಮ ಚಿತ್ರವನ್ನು ಹೀಗೆ ಓದಿದೆ. ಮೂರರಲ್ಲೂ ಇರುವವು 6, 12. A ಮತ್ತು B ಯಲ್ಲಿ ಮಾತ್ರ 18. A ಮತ್ತು C ಯಲ್ಲಿ ಮಾತ್ರ 2, 4, 8. B ಮತ್ತು C ಯಲ್ಲಿ ಮಾತ್ರ 3. A ಯಲ್ಲಿ ಮಾತ್ರ 10, 14, 16, 20. B ಯಲ್ಲಿ ಮಾತ್ರ 9, 15. C ಯಲ್ಲಿ ಮಾತ್ರ 1. ಇಲ್ಲಿ ಒಂದು ವಿಷಯ ಗಮನಿಸಿ. 18 ಒಂದೇ ಬರೆದಿರುವ ಭಾಗದಲ್ಲಿ ಇರುವುದು ಹದಿನೆಂಟು ಗಣಾಂಶಗಳಲ್ಲ, ಒಂದೇ ಗಣಾಂಶ. ಕೆಲವು ಲೆಕ್ಕಗಳಲ್ಲಿ ಚಿತ್ರದೊಳಗೆ ಗಣಾಂಶಗಳ ಬದಲು ಎಣಿಕೆಯನ್ನೇ ಬರೆದಿರುತ್ತಾರೆ, ಉದಾಹರಣೆಗೆ ಎಷ್ಟು ಮಕ್ಕಳು ಕ್ರಿಕೆಟ್ ಆಡುತ್ತಾರೆ, ಎಷ್ಟು ಮಕ್ಕಳು ಕಬಡ್ಡಿ ಆಡುತ್ತಾರೆ ಅನ್ನುವಂಥವು. ಅಲ್ಲಿ ಪ್ರತಿ ಭಾಗಕ್ಕೂ ಒಂದೇ ಸಂಖ್ಯೆ ಇರುತ್ತದೆ, ಅದೇ ಸಂಖ್ಯೆ ಬೇರೆ ಭಾಗದಲ್ಲಿ ಮತ್ತೆ ಬರಲೂಬಹುದು. ನಿಮ್ಮ ಚಿತ್ರದಲ್ಲಿ ಒಂದೇ ಭಾಗದೊಳಗೆ ಹಲವು ಸಂಖ್ಯೆಗಳಿವೆ, ಯಾವುದೂ ಮತ್ತೆ ಬಂದಿಲ್ಲ. ಆದ್ದರಿಂದ ಇವು ಗಣಾಂಶಗಳೇ.

ಈಗ ಮೊತ್ತ 19 ಬಂದ ವಿಷಯ. ನಿಮಗೆ ಹೊರಗೆ ಸಿಕ್ಕಿದ್ದು 5, 7, 11, 13, 17. 1 ರಿಂದ 20 ರವರೆಗೆ ಒಂದೊಂದೇ ಟಿಕ್ ಹಾಕುತ್ತಾ ಬಂದರೆ ಉಳಿಯುವುದು 19 ಎಂಬ ಸಂಖ್ಯೆ. ಫೋಟೋದ ಬಲಗಡೆ ಕೆಳಗಿನ ಮೂಲೆ ನೋಡಿ. ಆಯತದ ಗೆರೆ ಅಲ್ಲಿ ಕತ್ತರಿಸಿಹೋಗಿದೆ, ಅಂಚಿನಲ್ಲಿ ಒಂದು '1' ಮಾತ್ರ ಕಾಣುತ್ತದೆ. ಅದು 19 ರ ಮೊದಲ ಅಂಕಿ. ನೀವು ಅದನ್ನು ಎಣಿಸದೆ ಬಿಟ್ಟಿದ್ದೀರಿ. ಸೇರಿಸಿದರೆ ಹೊರಗೆ ಆರು, ವೃತ್ತಗಳೊಳಗೆ ಹದಿನಾಲ್ಕು, ಒಟ್ಟು 20.

ಆದರೆ ಮೊತ್ತ 20 ಬಂತು ಅಂತ ಸುಮ್ನೆ ನಂಬಬೇಡಿ. ಒಂದು ಸಂಖ್ಯೆಯನ್ನು ಪಕ್ಕದ ಭಾಗಕ್ಕೆ ಹಾಕಿದರೂ ಮೊತ್ತ ಬದಲಾಗುವುದಿಲ್ಲ. ನಿಮ್ಮ ಫೋಟೋದಲ್ಲಿ 18 ಹಾಗೆ ಮೋಸ ಮಾಡುವ ಜಾಗದಲ್ಲಿದೆ. ಪುಸ್ತಕದ ಮಡಿಕೆಯ ಹತ್ತಿರ ಪುಟ ಬಾಗಿ C ಯ ಗೆರೆ ಅದಕ್ಕೆ ತಾಗಿದಂತೆ ಕಾಣುತ್ತದೆ, ಒಳಗೋ ಹೊರಗೋ ಗೊತ್ತಾಗುವುದಿಲ್ಲ. ಇಂಥ ಕಡೆ ಗೆರೆ ಸ್ಪಷ್ಟವಾಗಿರುವ ಜಾಗದಿಂದ ವೃತ್ತವನ್ನು ಕಣ್ಣಿನಲ್ಲೇ ಎಳೆದುಕೊಂಡು ಬನ್ನಿ. ಇಲ್ಲಿ ಇನ್ನೂ ಸುಲಭದ ದಾರಿ ಇದೆ, ಗಣಗಳ ನಿಯಮವನ್ನೇ ಕೊಟ್ಟಿದ್ದಾರಲ್ಲ. 24 ಅನ್ನು 18 ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಹಾಗಾಗಿ 18 C ಯಲ್ಲಿ ಇರಲಾರದು. ಅದನ್ನು ತಪ್ಪಿ ನಡುವಿಗೆ ಹಾಕಿದ್ದರೆ n(A∩C) 6 ಆಗುತ್ತಿತ್ತು, ಮೊತ್ತ ಮಾತ್ರ 20 ಆಗಿಯೇ ಇರುತ್ತಿತ್ತು.

ಫೋಟೋ ತಲೆಕೆಳಗಾಗಿದ್ದಾಗ 6 ಮತ್ತು 9 ಅದಲುಬದಲಾದರೂ ಹೀಗೇ. ಎಣಿಕೆ ಒಂದೂ ಬದಲಾಗುವುದಿಲ್ಲ, ಗಣಾಂಶಗಳ ಪಟ್ಟಿ ಮಾತ್ರ ತಪ್ಪುತ್ತದೆ. 9 ಸಮಸಂಖ್ಯೆ ಅಲ್ಲ, ಆದ್ದರಿಂದ A ಒಳಗೆ ಕಂಡಿದ್ದು 6 ಆಗಿರಲೇಬೇಕು.

ನಿಯಮ ಕೊಡದೆ ಬರೀ ಚಿತ್ರ ಮಾತ್ರ ಇದ್ದರೆ ಹೀಗೆ ಪರೀಕ್ಷಿಸಲು ಆಗುವುದಿಲ್ಲ. ಆಗ ಪುಟವನ್ನು ಕೈಯಿಂದ ಒತ್ತಿ ಹಿಡಿದು, ಆಯತದ ನಾಲ್ಕೂ ಮೂಲೆ ಬರುವಂತೆ, ಫೋನನ್ನು ನೇರ ಮೇಲಿನಿಂದ ಹಿಡಿದು ಮತ್ತೊಂದು ಫೋಟೋ ತೆಗೆದು ಹಾಕಿ.