ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂಬ ವಿಂಗಡಣೆ ಬೇಕೇ?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ತರಬೇತಿಯಲ್ಲಿ ಕೊಟ್ಟ ಪ್ರಶ್ನಾವಳಿಯಂತೆ ಮಕ್ಕಳನ್ನು ‘ನೋಡಿ ಕಲಿಯುವವರು’, ‘ಕೇಳಿ ಕಲಿಯುವವರು’ ಎಂದು ವಿಂಗಡಿಸಿ, ಒಂದೇ ಪಾಠವನ್ನು ಎರಡು ಬಗೆಯಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕೆಲಸ ಇಮ್ಮಡಿಯಾಗಿದೆ, ಅಂಕಗಳು ಇದ್ದಲ್ಲೇ ಇವೆ. ಮುಂದುವರಿಸಲೇ?

ಉತ್ತರ: ಮುಂದುವರಿಸುವ ಅಗತ್ಯವಿಲ್ಲ. ಒಬ್ಬ ಹುಡುಗನಿಗೆ ಚಿತ್ರ ಇಷ್ಟ, ಇನ್ನೊಬ್ಬಳಿಗೆ ಕಥೆ ಕೇಳುವುದು ಇಷ್ಟ ಎಂಬುದು ನಿಜ; ಆದರೆ ಇಷ್ಟಪಟ್ಟ ಬಗೆಯಲ್ಲಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದು ಬೇರೆಯೇ ಮಾತು, ಅದನ್ನು ಪ್ರತ್ಯೇಕವಾಗಿ ಸಾಬೀತುಪಡಿಸಬೇಕಾಗುತ್ತದೆ. ಅದಕ್ಕೆ ಎರಡೂ ಗುಂಪಿನ ಅರ್ಧರ್ಧ ಮಕ್ಕಳಿಗೆ ಚಿತ್ರದಿಂದಲೂ ಉಳಿದವರಿಗೆ ಮಾತಿನಿಂದಲೂ ಕಲಿಸಿ, ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ಒಂದು ಗುಂಪಿಗೆ ಚಿತ್ರವೂ ಇನ್ನೊಂದಕ್ಕೆ ಮಾತೂ ಹೆಚ್ಚು ಫಲ ಕೊಟ್ಟರೆ ಮಾತ್ರ ವಿಂಗಡಣೆಗೆ ಅರ್ಥವಿದೆ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದಾಗ, ಹೀಗೆ ಸರಿಯಾಗಿ ಪರೀಕ್ಷಿಸಿದವು ತೀರಾ ಕಡಿಮೆ ಇದ್ದವು. ಅವುಗಳಲ್ಲಿ ಹಲವು ಈ ನಂಬಿಕೆಗೆ ವಿರುದ್ಧವಾಗಿಯೇ ಬಂದಿದ್ದವು. (ದೃಷ್ಟಿ ಅಥವಾ ಶ್ರವಣದ ತೊಂದರೆಯಿರುವ ಮಕ್ಕಳ ವಿಷಯ ಬೇರೆ, ಅವರಿಗೆ ಬೇಕಾದ ವ್ಯವಸ್ಥೆಯನ್ನು ಮಾಡಲೇಬೇಕು.)

ಯಾವ ಬಗೆಯಲ್ಲಿ ಕಲಿಸಬೇಕು ಎಂಬುದನ್ನು ಪಾಠದ ವಿಷಯವೇ ನಿರ್ಧರಿಸುತ್ತದೆ. ಘಟಪ್ರಭಾ ಚಿಕ್ಕಸಂಗಮದಲ್ಲಿ, ಮಲಪ್ರಭಾ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದನ್ನು ತಿಳಿಯಲು ಪ್ರತಿಯೊಂದು ಮಗುವಿಗೂ ನಕ್ಷೆ ಬೇಕು. ವಚನದ ಲಯ ತಿಳಿಯಲು ಪ್ರತಿಯೊಂದು ಮಗುವೂ ಅದನ್ನು ಕೇಳಬೇಕು.

ಎರಡನೆಯ ಪಾಠದ ಸಿದ್ಧತೆಗೆ ಹೋಗುತ್ತಿದ್ದ ಸಮಯವನ್ನು ನೆನಪಿನಿಂದ ಬರೆಸುವುದಕ್ಕೆ ಕೊಡಿ. ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು, ಇನ್ನೊಂದನ್ನು ಒಮ್ಮೆ ಓದಿ, ಬಳಿಕ ಅದನ್ನು ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮರುಓದಿದ ಭಾಗವೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಪರೀಕ್ಷಿಸಿದಾಗ ಮರುಓದಿದ ಭಾಗದಲ್ಲಿ ಸುಮಾರು 42 ಶೇಕಡ ಅಂಶಗಳು ನೆನಪಿದ್ದರೆ, ನೆನಪಿನಿಂದ ಬರೆದ ಭಾಗದಲ್ಲಿ 56 ಶೇಕಡ ನೆನಪಿದ್ದವು.

ನದಿಗಳ ಪಾಠಕ್ಕೆ ಇದನ್ನು ಹೀಗೆ ಅಳವಡಿಸಬಹುದು. ನಕ್ಷೆ ತೋರಿಸಿ ವಿವರಿಸಿದ ಬಳಿಕ ಅದನ್ನು ಮಡಚಿಟ್ಟು, ಪ್ರತಿಯೊಬ್ಬರೂ ಖಾಲಿ ಹಾಳೆಯಲ್ಲಿ ಮೂರು ನದಿಗಳನ್ನೂ ಎರಡು ಸಂಗಮಗಳನ್ನೂ ಗುರುತಿಸಲಿ. ನಂತರ ನಕ್ಷೆ ತೆರೆದು ತಾವೇ ತಿದ್ದಿಕೊಳ್ಳಲಿ. ತಿದ್ದದೆ ಬಿಟ್ಟರೆ ಘಟಪ್ರಭೆಯನ್ನು ಕೂಡಲಸಂಗಮಕ್ಕೆ ಸೇರಿಸಿದ ತಪ್ಪೇ ಗಟ್ಟಿಯಾಗಿ ಉಳಿಯುವ ಅಪಾಯವಿದೆ. ಇದನ್ನೇ ಎರಡು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಮಾಡಿಸಿ. ಕೈ ಎತ್ತಿದ ಒಬ್ಬರಿಂದ ಉತ್ತರ ಹೇಳಿಸಿದರೆ ನೆನಪಿಸಿಕೊಳ್ಳುವ ಕೆಲಸ ಆ ಒಬ್ಬರಿಗೆ ಮಾತ್ರ ಆಗುತ್ತದೆ, ಆದ್ದರಿಂದ ಎಲ್ಲರೂ ಬರೆಯಲೇಬೇಕು, ಅಂಕ ಕೊಡಬೇಡಿ. ಹಾಳೆ ಪೂರ್ತಿ ಖಾಲಿ ಉಳಿದ ಮಗುವಿಗೆ ಈ ಅಭ್ಯಾಸವೊಂದೇ ಸಾಲದು, ಅದಕ್ಕೆ ಪಾಠವನ್ನೇ ಮತ್ತೊಮ್ಮೆ ಹೇಳಬೇಕು.

ಮೊದಲ ದಿನಗಳಲ್ಲಿ ಮಕ್ಕಳು ‘ಏನೂ ನೆನಪಾಗೂದಿಲ್ರೀ, ಟೀಚರ್’ ಎಂದು ದೂರುವುದುಂಟು. ಅದನ್ನಾಗಲಿ ಅದೇ ದಿನದ ಸರಿ-ತಪ್ಪುಗಳನ್ನಾಗಲಿ ನೋಡಿ ತೀರ್ಮಾನಿಸದೆ, ಎರಡು ವಾರಗಳ ನಂತರ ಮುನ್ಸೂಚನೆ ಕೊಡದೆ ಒಂದು ಖಾಲಿ ನಕ್ಷೆ ತುಂಬಿಸಿ, ಮೊದಲ ಹಾಳೆಯೊಡನೆ ಹೋಲಿಸಿ ನೋಡಿ.