ತೂಕ ನಾರ್ಮಲ್ ಇದ್ದರೂ ನಾಡಿ ನೋಡಿಸಿ

"ಮಗಳಿಗೆ 15. ರಾತ್ರಿ ಗಂಜಿ ಬಿಟ್ಟಿದ್ದಾಳೆ, ವಾರಕ್ಕೆ ಮೂರು ದಿನ ಉಪವಾಸ ಅಂತಾಳೆ. ಸಣ್ಣ ಆಗಿದ್ದಾಳೆ, ಆದರೆ ತೂಕ ನಾರ್ಮಲ್ ಅಂದರು ಡಾಕ್ಟರ್. ಸುಮ್ನೆ ಬಿಡಬಹುದಾ?"

ಬಿಡಬೇಡಿ. ಈಗಿನ ತೂಕ ಎಷ್ಟು ಅನ್ನುವುದಕ್ಕಿಂತ ಎಷ್ಟು ಬೇಗ ಇಳಿಯಿತು ಅನ್ನುವುದು ಮುಖ್ಯ.

ಉಡುಪಿಯಲ್ಲಿರುವ ನನ್ನ ಅಕ್ಕನ ಮಗಳು ಮೊದಲು ತುಸು ದಪ್ಪಗಿದ್ದಳು. ನಾಲ್ಕು ತಿಂಗಳಲ್ಲಿ ಇಳಿದಾಗ ಮದುವೆ ಮನೆಯಲ್ಲಿ ಎಲ್ಲರೂ "ಚಂದ ಕಾಣ್ತಿ" ಅಂದರು. ನಾನೂ ಅಂದೆ. ಆಗಲೂ ತೂಕ ನಾರ್ಮಲ್ಲೇ. ಆದರೆ ಮೂರು ತಿಂಗಳಿಂದ ಮುಟ್ಟಾಗಿರಲಿಲ್ಲ. ಮೇ ತಿಂಗಳ ಸೆಕೆಯಲ್ಲೂ ಚಳಿ ಅನ್ನುತ್ತಿದ್ದಳು. ತಾನೇ ಮೀನು ಸಾರು ಮಾಡಿ ಎಲ್ಲರಿಗೂ ಬಡಿಸುವಳು, ತಾನು ಮುಟ್ಟುವುದಿಲ್ಲ. ಪರೀಕ್ಷೆಯ ಟೆನ್ಷನ್ ಅಂದುಕೊಂಡೆವು.

ಎರಡನೇ ಡಾಕ್ಟರ್ ನಾಡಿ ಹಿಡಿದರು, ನಿಮಿಷಕ್ಕೆ 46. ಅವತ್ತೇ ಅಡ್ಮಿಟ್. ಊಟ ಸಾಲದಿದ್ದಾಗ ಶಕ್ತಿ ಉಳಿಸಲು ದೇಹ ಹೃದಯವನ್ನೇ ನಿಧಾನ ಮಾಡುತ್ತದೆ. ಈ ವಯಸ್ಸಿನವರಿಗೆ ಹಗಲಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಆಸ್ಪತ್ರೆಗೆ ಸೇರಿಸುವ ಮಾತು ಬರುತ್ತದೆ. ರಕ್ತದ ರಿಪೋರ್ಟ್ ಮಾತ್ರ ಸರಿಯಾಗಿಯೇ ಇತ್ತು. ಅದು ತುಂಬಾ ಸಲ ಹಾಗೇ ಇರುತ್ತದೆ.

ನೀವು ಹಳೆಯ ತೂಕದ ದಾಖಲೆ ಹಿಡಿದು ಹೋಗಿ. ಮಲಗಿಸಿ ಮತ್ತು ನಿಲ್ಲಿಸಿ ನಾಡಿ, ಬಿಪಿ ನೋಡಲು, ಇಸಿಜಿ ಮಾಡಲು ಕೇಳಿ. ತಲೆ ಸುತ್ತಿ ಬಿದ್ದರೆ ಕಾಯಬೇಡಿ. ಹೆದರಿ ಒಮ್ಮೆಲೇ ಜಾಸ್ತಿ ತಿನ್ನಿಸಲೂ ಹೋಗಬೇಡಿ, ತುಂಬಾ ದಿನ ಹಸಿದ ದೇಹಕ್ಕೆ ಅದೂ ಅಪಾಯ.

ಉಪವಾಸದ ವಿಷಯಕ್ಕೆ ಜಗಳ ಬೇಡ. ಅವಲಕ್ಕಿ, ಬಾಳೆಹಣ್ಣಿನ ಫಲಾಹಾರವಾದರೂ ತಿನ್ನುತ್ತಾಳಾ, ಮರುದಿನ ಹೊಟ್ಟೆ ತುಂಬಾ ಉಣ್ಣುತ್ತಾಳಾ, ಅದನ್ನು ಗಮನಿಸಿ. ರಾತ್ರಿ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಸಿಗುತ್ತಾರೆ.