ಬಾಗಿಲು ಒಂದೇ, ಕಾಲ್ ಎರಡು

"ಗಂಡ ಹೆಂಡತಿ ಇಬ್ಬರಿಗೂ ವರ್ಕ್ ಫ್ರಮ್ ಹೋಮ್. ಬೆಂಗಳೂರಲ್ಲಿ ಒಂದೇ ಬೆಡ್‌ರೂಮಿನ ಬಾಡಿಗೆ ಮನೆ, ಎರಡೂವರೆ ವರ್ಷದ ಮಗಳು. ಇಬ್ಬರಿಗೂ ಒಂದೇ ಹೊತ್ತಿಗೆ ಕಾಲ್ ಬರುತ್ತೆ, ಮಗು ಅಳುತ್ತೆ, ಆಮೇಲೆ ಜಗಳ. ಇಂಥ ಮನೆಯಲ್ಲಿ ಇರುವವರು ಹೇಗೆ ನಿಭಾಯಿಸ್ತೀರಿ?"

ವಿಜಯನಗರದಲ್ಲಿ ಇಂಥದೇ ಮನೆಯಲ್ಲಿ ನಾವು ಮೂರು ವರ್ಷ ಇದ್ದೆವು. ಒಂದು ಹಾಲ್, ಒಂದು ಬೆಡ್‌ರೂಮ್, ಅಡುಗೆಮನೆ, ಅದರ ಹಿಂದೆ ವಾಷಿಂಗ್ ಮೆಷಿನ್ ಇಡುವಷ್ಟು ಯುಟಿಲಿಟಿ. ಬಾಗಿಲು ಹಾಕಿಕೊಂಡು ಕೂರಬಹುದಾದ ಜಾಗ ಬೆಡ್‌ರೂಮ್ ಒಂದೇ. ನನ್ನ ಟೀಮ್ ನ್ಯೂಯಾರ್ಕಿನಲ್ಲಿ, ನನ್ನ ಹೆಂಡತಿಯದು ಲಂಡನ್ನಿನಲ್ಲಿ. ಮಗನಿಗೆ ಆಗ ನಿಮ್ಮ ಮಗಳಷ್ಟೇ ವಯಸ್ಸು.

ಮೊದಲ ಆರು ತಿಂಗಳು ನಾವೂ ದಿನಾ ಜಗಳ ಆಡಿದೆವು. ಟೇಬಲ್ಲು, ಕುರ್ಚಿ ಬೆಡ್‌ರೂಮಿನಲ್ಲಿದ್ದವು, ಅವು ನನ್ನವು. ಹಾಗಾಗಿ ಆ ರೂಮೂ ತಾನಾಗಿಯೇ ನನ್ನದಾಯಿತು. ಅವಳು ಹಾಲ್‌ನ ದಿವಾನದ ಮೇಲೆ, ಮಗ ಅವಳ ಪಕ್ಕದಲ್ಲಿ. ಎರಡು ಕಾಲ್ ಮಧ್ಯೆ ನಾನು ಹೊರಗೆ ಬಂದು ಮಗನನ್ನು ಎತ್ತಿಕೊಳ್ಳುತ್ತಿದ್ದೆ. ಕೆಲಸ ಅರ್ಧರ್ಧ ಹಂಚಿಕೊಂಡಿದ್ದೇವೆ ಅಂತ ನಿಜವಾಗಿಯೂ ನಂಬಿದ್ದೆ.

ಒಂದು ದಿನ ಅವಳು ಒಂದು ನೋಟ್‌ಬುಕ್ಕು ತಂದು ಟಿವಿ ಪಕ್ಕ ಇಟ್ಟಳು. ಅರ್ಧ ಗಂಟೆಗೊಂದು ಗೆರೆ. ಆ ಅರ್ಧ ಗಂಟೆ ಮಗು ಯಾರ ಕೈಲಿತ್ತೋ ಅವರ ಹೆಸರು ಬರೆಯಬೇಕು, ಅಷ್ಟೇ. ಸೋಮವಾರದಿಂದ ಶುಕ್ರವಾರದವರೆಗೆ, ಕೆಲಸದ ಹೊತ್ತಿನಲ್ಲಿ ನನ್ನ ಹೆಸರು ಬಂದದ್ದು ಆರು ಗಂಟೆ. ಅವಳದು ಇಪ್ಪತ್ತಮೂರು. ಅದನ್ನು ನೋಡಿದ ಮೇಲೆ ವಾದ ಮಾಡಲು ಏನೂ ಉಳಿಯಲಿಲ್ಲ. ನೀವು ಟೈಂಟೇಬಲ್ ಹಾಕುವ ಮೊದಲು ಒಂದು ವಾರ ಹೀಗೆ ಸುಮ್ನೆ ಬರೆದಿಡಿ. ಬಾಯಲ್ಲಿ ಹೇಳಿದರೆ ಅದು ದೂರು ಅನಿಸುತ್ತದೆ, ಹಾಳೆಯಲ್ಲಿದ್ದರೆ ಲೆಕ್ಕ ಅಷ್ಟೇ.

ಅದೇ ತಿಂಗಳು ಇನ್ನೊಂದು ಘಟನೆ ನಡೆಯಿತು. ಇಬ್ಬರೂ ಕಾಲ್‌ನಲ್ಲಿದ್ದೆವು. ಮಗ ಅವಳ ಹತ್ತಿರ ಇದ್ದಾನೆ ಅಂತ ನಾನು, ನನ್ನ ಹತ್ತಿರ ಬಂದ ಅಂತ ಅವಳು. ಅವನು ಬಾತ್‌ರೂಮಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ಹಾಕಲು ಗೊತ್ತು, ತೆಗೆಯಲು ಗೊತ್ತಿಲ್ಲ. ಒಳಗೆ ಬಕೆಟ್ ತುಂಬ ನೀರು. ಪಕ್ಕದ ಮನೆಯವರು ಸುತ್ತಿಗೆ ತಂದು ಚಿಲಕ ಕೀಳುವವರೆಗಿನ ಆ ಹತ್ತು ನಿಮಿಷ ನನಗೆ ಇವತ್ತಿಗೂ ನೆನಪಿದೆ. ಅವನಿಗೆ ಏನೂ ಆಗಲಿಲ್ಲ. ಆ ಸಂಜೆಯೇ ಒಳಗಿನ ಚಿಲಕವನ್ನು ಅವನ ಕೈಗೆ ಎಟುಕದಷ್ಟು ಮೇಲೆ ಹಾಕಿಸಿದೆವು, ಹೊರಗಿನಿಂದಲೂ ಒಂದು ಹಾಕಿಸಿದೆವು. ಬಕೆಟ್ ಖಾಲಿ ಮಾಡಿ ಬೋರಲು ಇಡುವುದು ರೂಢಿಯಾಯಿತು. ನೀವೂ ಇವತ್ತೇ ಒಮ್ಮೆ ನಿಮ್ಮ ಚಿಲಕ ನೋಡಿಬಿಡಿ.

ಆಮೇಲೆ ಮಾಡಿಕೊಂಡ ನಿಯಮ ಇದು. ಯಾವುದೇ ಹೊತ್ತಿನಲ್ಲಿ ಮಗುವಿನ ಡ್ಯೂಟಿ ಒಬ್ಬರದೇ. ಡ್ಯೂಟಿಯಲ್ಲಿ ಇರುವವರ ಲ್ಯಾಪ್‌ಟಾಪ್ ಮುಚ್ಚಿರಬೇಕು. ಡ್ಯೂಟಿ ಬದಲಾಗುವಾಗ ಬಾಯಿಬಿಟ್ಟು ಹೇಳಬೇಕು: "ಇನ್ನು ನೀನು ನೋಡ್ಕೋ." "ಸರಿ, ನಾನು ನೋಡ್ಕೋತೀನಿ." ಎದುರಿನವರು ಸರಿ ಅನ್ನುವವರೆಗೆ ಡ್ಯೂಟಿ ಬದಲಾಗಲಿಲ್ಲ ಅಂತಲೇ ಅರ್ಥ. ಲ್ಯಾಪ್‌ಟಾಪ್ ಮುಚ್ಚುವುದೇ ನನಗೆ ಕಷ್ಟವಾಗಿದ್ದು. ಆದರೆ ತೊಡೆಯ ಮೇಲೆ ಅದನ್ನು ಇಟ್ಟುಕೊಂಡು ಮಗುವನ್ನು ನೋಡಿಕೊಂಡಾಗ ಅವನು ಜಾಸ್ತಿ ಹಟ ಮಾಡುತ್ತಿದ್ದ, ಕೊನೆಗೆ ಹಾಲ್‌ನಲ್ಲಿ ಅಮ್ಮನ ಹತ್ತಿರವೇ ಓಡುತ್ತಿದ್ದ.

ಈಗ ಗಂಟೆಗಳ ವಿಷಯ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ನ್ಯೂಯಾರ್ಕ್ ಒಂಬತ್ತೂವರೆ ಗಂಟೆ ಹಿಂದೆ. ಅವಳ ಕಾಲ್‌ಗಳು ಮಧ್ಯಾಹ್ನ 2ರಿಂದ 6. ನನ್ನವು ಸಂಜೆ 6:30ರಿಂದ 9. ಇಬ್ಬರ ದಿನನಿತ್ಯದ ಮಾತಿನ ಹೊತ್ತು ಒಂದರ ಮೇಲೊಂದು ಬೀಳುತ್ತಿರಲೇ ಇಲ್ಲ, ಆದರೆ ನಾವು ಅದನ್ನು ಗಮನಿಸಿಯೇ ಇರಲಿಲ್ಲ. ಕೆಲಸದ ಹೊತ್ತನ್ನೆಲ್ಲ ಒಂದೇ ಅಂತ ನೋಡಿದ್ದೇ ಅದಕ್ಕೆ ಕಾರಣ.

ಹಾಗಾಗಿ ಹೀಗೆ ಹಂಚಿಕೊಂಡೆವು. ಬೆಳಗ್ಗೆ 5:30ರಿಂದ 7:30 ನಾನು ಕೆಲಸ ಮಾಡುತ್ತಿದ್ದೆ, ಮಗ ಮಲಗಿರುತ್ತಿದ್ದ. ಎದ್ದ ಮೇಲೆ ಸ್ನಾನ, ತಿಂಡಿ ಅವಳದು. ಒಂಬತ್ತೂವರೆಗೆ ನಾನು ಪ್ಲೇಹೋಮಿಗೆ ಬಿಟ್ಟು ಬರುತ್ತಿದ್ದೆ. ಅಲ್ಲಿಂದ ಹನ್ನೆರಡೂವರೆಯವರೆಗೆ ಮೂರು ಗಂಟೆ ಮನೆ ನಿಶ್ಶಬ್ದ, ಇಬ್ಬರಿಗೂ ತಲೆ ಓಡಿಸುವ ಕೆಲಸ. ಆ ಹೊತ್ತಿನಲ್ಲಿ ಕಾಲ್ ಇಟ್ಟುಕೊಳ್ಳಬಾರದು ಅಂತ ಮಾಡಿಕೊಂಡಿದ್ದೆವು. ಹನ್ನೆರಡೂವರೆಗೆ ಅವನನ್ನು ಕರೆತಂದು ಊಟ ಮಾಡಿಸಿ ಮಲಗಿಸುವುದು ನಾನು. ಒಂದೂವರೆಯಿಂದ ಮೂರರವರೆಗೆ ಅವನ ನಿದ್ದೆ, ನನ್ನ ಕೆಲಸ. ಮೂರರಿಂದ ಆರೂಕಾಲು ಪೂರ್ತಿ ನನ್ನ ಡ್ಯೂಟಿ. ಆರೂಕಾಲಿನಿಂದ ಅವನು ಮಲಗುವವರೆಗೆ ಅವಳದು. ಕೂಡಿಸಿ ನೋಡಿದರೆ ಇಬ್ಬರಿಗೂ ಎಂಟು ಗಂಟೆಗಿಂತ ಸ್ವಲ್ಪ ಹೆಚ್ಚೇ ಕೆಲಸದ ಹೊತ್ತು ಸಿಗುತ್ತಿತ್ತು. ಬೆಳಗಿನ ಜಾವ ಏಳುವುದು ನಾನು ಕೊಟ್ಟ ಬೆಲೆ. ಕೆಲಸ ಮುಗಿದ ತಕ್ಷಣ ಒಂದು ನಿಮಿಷವೂ ಬಿಡುವಿಲ್ಲದೆ ಮಗನನ್ನು ಕೈಗೆ ತೆಗೆದುಕೊಳ್ಳುವುದು ಅವಳು ಕೊಟ್ಟ ಬೆಲೆ. ಇದರಲ್ಲಿ ಅವಳದೇ ಹೆಚ್ಚು ಕಷ್ಟ ಅಂತ ನನಗೆ ಈಗಲೂ ಅನಿಸುತ್ತದೆ, ಅದಕ್ಕೇ ಶನಿವಾರ ಬೆಳಗಿನ ಹೊತ್ತು ಪೂರ್ತಿ ಅವಳಿಗೆ ಬಿಟ್ಟುಕೊಟ್ಟೆ.

ಇದಕ್ಕೆ ಹೊರಗಿನ ಕಾಲ್‌ಗಳು ಬಂದೇ ಬರುತ್ತವೆ. ಭಾನುವಾರ ರಾತ್ರಿ ಇಪ್ಪತ್ತು ನಿಮಿಷ ಇಬ್ಬರ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರುತ್ತಿದ್ದೆವು. ನಾನು ಬಾಯಿ ಬಿಡಲೇಬೇಕಾದ ಕಾಲ್ ಕೆಂಪು. ಸುಮ್ಮನೆ ಕೇಳಿಸಿಕೊಂಡರೆ ಸಾಕು ಅನ್ನುವುದು ಹಳದಿ. ಕೆಂಪಿಗೆ ಬಾಗಿಲು ಇರುವ ರೂಮು, ಅದು ಯಾರದಾದರೂ ಸರಿ. ಹಳದಿಯವರು ಹಾಲ್‌ನಲ್ಲಿ ಮ್ಯೂಟ್ ಮಾಡಿಕೊಂಡು ಕೇಳಬೇಕು. ಎರಡು ಕೆಂಪು ಒಟ್ಟಿಗೆ ಬಂದರೆ, ಕ್ಯಾಲೆಂಡರಿಗೆ ಮೊದಲು ಬಂದದ್ದು ಉಳಿಯುತ್ತದೆ. ಆಮೇಲೆ ಬಂದದ್ದನ್ನು ಅವರು ಅರ್ಧ ಗಂಟೆ ಸರಿಸಲು ಕೇಳಬೇಕು. ಸಂಬಳ ಯಾರದು ಜಾಸ್ತಿ, ಮ್ಯಾನೇಜರ್ ಯಾರು ಅನ್ನುವುದನ್ನು ಇಲ್ಲಿ ತರಲೇಬಾರದು. ತಂದರೆ ರೂಮು ಮತ್ತೆ ಒಬ್ಬರದೇ ಆಗಿಬಿಡುತ್ತದೆ. ಒಂದು ವಾರ ಬರೆದು ನೋಡಿದಾಗ ನನ್ನ ಕಾಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳದಿಯೇ ಇದ್ದವು. ಅಷ್ಟು ದಿನ ಅವಕ್ಕೂ ನಾನು ಬಾಗಿಲು ಹಾಕಿಕೊಂಡು ಕೂತಿದ್ದೆ.

ವರ್ಷಕ್ಕೆ ಎರಡು ಸಲ ಈ ಟೈಂಟೇಬಲ್ ಕೆಡುತ್ತದೆ. ಹೊರದೇಶದ ಟೀಮ್ ಇರುವವರು ಇದನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ಚಳಿಗಾಲದಲ್ಲಿ ಎರಡೂ ಕಡೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ ನಮ್ಮಿಬ್ಬರ ಕಾಲ್‌ಗಳೂ ಒಂದೊಂದು ಗಂಟೆ ತಡವಾಗುತ್ತವೆ, ತೊಂದರೆ ಇಲ್ಲ. ಆದರೆ ಎರಡು ದೇಶಗಳೂ ಒಂದೇ ದಿನ ಬದಲಿಸುವುದಿಲ್ಲ. ಗಡಿಯಾರ ಮತ್ತೆ ಮುಂದಕ್ಕೆ ಹೋಗುವುದು ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ, ಬ್ರಿಟನ್ನಿನಲ್ಲಿ ಮಾರ್ಚ್ ಕೊನೇ ಭಾನುವಾರ. 2026ರಲ್ಲಿ ಅದು ಮಾರ್ಚ್ 8 ಮತ್ತು 29, ಅಂದರೆ ಮೂರು ವಾರದ ಅಂತರ. ಆ ಮೂರು ವಾರ ನನ್ನ ಕಾಲ್ 6:30ಕ್ಕೇ ಶುರು, ಅವಳದು 7ರವರೆಗೆ ಇರುತ್ತದೆ. ದಿನಾ ಅರ್ಧ ಗಂಟೆ ಮಗು ಯಾರ ಕೈಲೂ ಇಲ್ಲ. ಅಕ್ಟೋಬರ್ ಕೊನೆಯಲ್ಲೂ ಇದೇ ಗೋಳು, ಆಗ ಒಂದೇ ವಾರ. ಮೊದಲ ಸಲ ಇದು ಯಾಕೆ ಹೀಗಾಯಿತು ಅಂತಲೇ ನಮಗೆ ತಿಳಿಯಲಿಲ್ಲ, ಒಬ್ಬರನ್ನೊಬ್ಬರು ಬೈದುಕೊಂಡೆವು. ಎರಡನೇ ಸಲ ಕೆಳಗಿನ ಮನೆಯ ಅಜ್ಜಿಯನ್ನು ಆ ಅರ್ಧ ಗಂಟೆಗೆ ಮೊದಲೇ ಕೇಳಿಕೊಂಡೆವು.

ಸದ್ದಿನ ಬಗ್ಗೆ ನಾನು ದುಡ್ಡು ಸುರಿದು ಕಲಿತದ್ದನ್ನು ಹೇಳುತ್ತೇನೆ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಅದು ನಿಮ್ಮ ಕಿವಿಗೆ ಬರುವ ಸದ್ದನ್ನು ತಗ್ಗಿಸುತ್ತದೆ, ಅದೂ ಫ್ಯಾನಿನಂಥ ಒಂದೇ ಸಮನೆ ಬರುವ ಸದ್ದನ್ನು. ಮಗುವಿನ ಅಳು, ಕುಕ್ಕರ್ ವಿಷಲ್ ಅದನ್ನು ದಾಟಿ ಬರುತ್ತವೆ. ಆಚೆ ಕಡೆಯವರಿಗೆ ಏನು ಕೇಳಿಸುತ್ತದೆ ಅನ್ನುವುದು ಮೈಕಿನ ವಿಷಯ. ಲ್ಯಾಪ್‌ಟಾಪಿನ ಮೈಕು ಇಡೀ ರೂಮನ್ನು ಕೇಳಿಸಿಕೊಳ್ಳುತ್ತದೆ. ಬಾಯಿಯ ಪಕ್ಕ ಕಡ್ಡಿಯಂತೆ ಚಾಚಿಕೊಂಡ ಮೈಕಿನ ಸಾದಾ ವೈರ್ ಹೆಡ್‌ಸೆಟ್ಟು ಅದಕ್ಕಿಂತ ಎಷ್ಟೋ ಮೇಲು. ಮೈಕು ಬಾಯಿಯ ಮೂಲೆಯಿಂದ ಎರಡು ಬೆರಳು ದೂರ ಇದ್ದರೆ ಸಾಕು. ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ, ಆಗ ಹಾಲ್‌ನಲ್ಲಿ ಇರುವವರಿಗೂ ನಿಮ್ಮ ಗಲಾಟೆ ಕಡಿಮೆ. ಪರೀಕ್ಷೆ ಮಾಡುವುದು ಸುಲಭ. ಒಬ್ಬರು ಹಾಲ್‌ನಲ್ಲಿ ಮಿಕ್ಸಿ ಹಾಕಿ, ಇನ್ನೊಬ್ಬರು ಬಾಗಿಲು ಮುಚ್ಚಿ ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ಆಮೇಲೆ ಇಬ್ಬರೂ ಕೂತು ಕೇಳಿ.

ಹಾಗೆ ಕೇಳಿದಾಗಲೇ ಗೊತ್ತಾಯಿತು, ನಮ್ಮ ಮನೆಯಲ್ಲಿ ಸದ್ದು ಜಾಸ್ತಿ ನುಗ್ಗುತ್ತಿದ್ದದ್ದು ಬಾಗಿಲ ಕೆಳಗಿನ ಸಂದಿನಿಂದ. ಹಳೇ ಬೆಡ್‌ಶೀಟ್ ಸುರುಳಿ ಸುತ್ತಿ ಅಲ್ಲಿಗೆ ಒತ್ತಿಟ್ಟೆವು, ಆಮೇಲೆ ಫೋಮ್ ಪಟ್ಟಿ ತಂದೆವು. ಹಾಸಿಗೆ, ಬಟ್ಟೆ, ಪರದೆ ಇರುವ ರೂಮಿನಲ್ಲಿ ದನಿ ಅಷ್ಟು ಮೊಳಗುವುದಿಲ್ಲ. ಬರೀ ಟೈಲ್ಸ್ ಇರುವ ಹಾಲ್‌ಗೆ ಒಂದು ದಪ್ಪ ಜಮಖಾನ ಹಾಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಉಳಿದದ್ದು ಹೊತ್ತಿನ ಪ್ರಶ್ನೆ. ಚಟ್ನಿ, ಬೇಳೆ ಎಲ್ಲ ಬೆಳಗ್ಗೆ ಒಂಬತ್ತರೊಳಗೆ ಮುಗಿಯಬೇಕು. ಕಾಲಿಂಗ್ ಬೆಲ್ಲಿನ ಸ್ವಿಚ್ ಮಧ್ಯಾಹ್ನ ಆಫ್.

ಒಂದು ವಿಷಯ ನಾವು ಮೊದಲು ಯೋಚಿಸಿರಲಿಲ್ಲ. ಮಗ ಮಲಗುವುದೂ ಅದೇ ಬೆಡ್‌ರೂಮಿನಲ್ಲಿ. ಮಧ್ಯಾಹ್ನ ಅವನು ಮಲಗಿರುವಾಗ ಅವಳು ಅಲ್ಲಿ ಮಾತಾಡುವ ಹಾಗಿಲ್ಲ, ರಾತ್ರಿ ಎಂಟೂವರೆ ಆದ ಮೇಲೆ ನಾನು ಮಾತಾಡುವ ಹಾಗಿಲ್ಲ. ಮಧ್ಯಾಹ್ನಕ್ಕೆ ಹಾಲ್‌ನಲ್ಲೇ ಚಾಪೆ ಹಾಸಿ ಅವನನ್ನು ಮಲಗಿಸಿ ಫ್ಯಾನ್ ಜೋರು ಮಾಡಿದೆವು. ರಾತ್ರಿ ಎಂಟೂವರೆಗೆ ನಾನು ಅಡುಗೆಮನೆಗೆ ಹೋಗುತ್ತಿದ್ದೆ. ಕಟ್ಟೆ ಒರೆಸಿ, ಒಂದು ಒಣ ಮಣೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಿಂತುಕೊಂಡೇ ಕೊನೇ ಕಾಲ್ ಮುಗಿಸುತ್ತಿದ್ದೆ. ಕಟ್ಟೆಯ ಎತ್ತರ ನಿಂತು ಕೆಲಸ ಮಾಡಲು ಸರಿಯಾಗಿತ್ತು.

ಇದೆಲ್ಲ ನಡೆದದ್ದು ನಮ್ಮಿಬ್ಬರ ಮಾತಿನ ಹೊತ್ತು ಬೇರೆಬೇರೆ ಇದ್ದದ್ದರಿಂದ. ನಿಮ್ಮಿಬ್ಬರದೂ ಹತ್ತರಿಂದ ಏಳರವರೆಗೆ ಫೋನಿನಲ್ಲೇ ಇರಬೇಕಾದ ಕೆಲಸ ಆಗಿದ್ದರೆ ಯಾವ ಟೈಂಟೇಬಲ್ಲೂ ಉಳಿಯುವುದಿಲ್ಲ. ಆಗ ಪ್ಲೇಹೋಮಿನ ಜೊತೆ ಮಧ್ಯಾಹ್ನದ ಡೇಕೇರ್ ಸೇರಿಸಬೇಕು, ಅಥವಾ ದಿನಕ್ಕೆ ನಾಲ್ಕು ಗಂಟೆ ಮಗು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳಬೇಕು. ಆ ನಾಲ್ಕು ಗಂಟೆ ಯಾವುದಿರಬೇಕು ಅನ್ನುವುದನ್ನು ಇಬ್ಬರ ಕ್ಯಾಲೆಂಡರನ್ನೂ ನೋಡಿ ತೀರ್ಮಾನಿಸಿ. ಎರಡು ಕೆಂಪು ಜಾಸ್ತಿ ಎಲ್ಲಿ ಒಟ್ಟಿಗೆ ಬೀಳುತ್ತವೋ ಆ ಹೊತ್ತಿಗೆ ಅವರನ್ನು ಬರಹೇಳಿ. ನಾವು ಮೊದಲು ಕೆಲಸದವರನ್ನು ಬೆಳಗ್ಗೆ ಹತ್ತರಿಂದ ಹನ್ನೆರಡಕ್ಕೆ ಕರೆದಿದ್ದೆವು. ಆ ಹೊತ್ತಿನಲ್ಲಿ ಮಗ ಮನೆಯಲ್ಲೇ ಇರುತ್ತಿರಲಿಲ್ಲ.